ಮುಟ್ಟಿಗೆ ಮುಂಚಿನ ವಾರದಲ್ಲಿ ಅದೇ ಓಟ ಯಾಕೆ ಭಾರ ಅನ್ನಿಸುತ್ತದೆ?

ಅದೇ ದಾರಿ, ಅದೇ ವೇಗ. ಹತ್ತು ದಿನದ ಹಿಂದೆ ಮಾತಾಡಿಕೊಂಡು ಮುಗಿಸಿದ 6 ಕಿಲೋಮೀಟರ್ ಓಟ ಈವತ್ತು ಏದುಸಿರು ತರುತ್ತಿದೆ. ವಾಚ್ ನೋಡಿದರೆ ಹಾರ್ಟ್‌ರೇಟ್ ನಿಮಿಷಕ್ಕೆ ನಾಲ್ಕೈದು ಬಡಿತ ಜಾಸ್ತಿ. ಜ್ವರ ಇಲ್ಲ, ನೆಗಡಿ ಇಲ್ಲ, ಹಿಂದಿನ ದಿನ ಅತಿಯಾಗಿ ದಣಿದದ್ದೂ ಇಲ್ಲ. ಕೆಲವು ದಿನಕ್ಕೆ ಮುಟ್ಟು ಬರುತ್ತದೆ. ಆಮೇಲೆ ಇನ್ನೆರಡು ದಿನ ಕಳೆದರೆ ಕಾಲು ತಾನಾಗಿ ಹಗುರಾಗುತ್ತದೆ.

ವ್ಯಾಯಾಮ ಮಾಡುವ ಎಷ್ಟೋ ಹೆಂಗಸರು ಇದನ್ನು ಕಂಡಿರುತ್ತಾರೆ. ಫಿಟ್‌ನೆಸ್ ಇಳಿದುಹೋಯಿತು ಅಂತ ಹೆದರಿ, ಆ ವಾರವೇ ಇನ್ನಷ್ಟು ಮೈ ಮುರಿಯುವವರಿದ್ದಾರೆ. ಇನ್ನು ಕೆಲವರು ಇಂಟರ್ನೆಟ್ಟಿನಲ್ಲಿ ಸಿಗುವ ಬಣ್ಣದ ಚಾರ್ಟ್ ಹಿಡಿದುಕೊಳ್ಳುತ್ತಾರೆ. ಮೊದಲ ವಾರ ವಿಶ್ರಾಂತಿ, ಎರಡನೇ ವಾರ ಭಾರ ಎತ್ತು, ಮೂರನೇ ವಾರ ನಿಧಾನ ಮಾಡು, ನಾಲ್ಕನೇ ವಾರ ಯೋಗ ಸಾಕು, ಇಷ್ಟೇ ಅದರ ಸಾರ. ಈ ಎರಡು ದಾರಿಯೂ ನನಗೆ ಒಪ್ಪಿಗೆಯಿಲ್ಲ. ಚಕ್ರದ ಜೊತೆ ದೇಹದಲ್ಲಿ ಬದಲಾವಣೆ ಆಗುವುದು ನಿಜ. ಆದರೆ ಅದು ಹೆಚ್ಚಾಗಿ ಕಾಣುವುದು ಕೆಲಸ ಎಷ್ಟು ಕಷ್ಟ ಅನ್ನಿಸುತ್ತದೆ ಅನ್ನುವುದರಲ್ಲಿ. ಎಷ್ಟು ಕೆಲಸ ಆಗುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಬಹಳ ಕಡಿಮೆ. ಜೊತೆಗೆ, ಆ ಬದಲಾವಣೆ ಯಾವ ದಿನ ಶುರುವಾಗುತ್ತದೆ ಅನ್ನುವುದು ಕ್ಯಾಲೆಂಡರ್ ನೋಡಿದರೆ ತಿಳಿಯುವುದಿಲ್ಲ.

ಚಕ್ರದ ನಡುವಿನ ತಿರುವು

ಮುಟ್ಟಿನ ಚಕ್ರಕ್ಕೆ ನಾಲ್ಕು ಹಂತ ಅಂತ ಓದಿರುತ್ತೀರಿ. ವ್ಯಾಯಾಮದ ಮಟ್ಟಿಗೆ ಎರಡು ಭಾಗ ಮಾಡಿಕೊಂಡರೆ ಸಾಕು. ನಡುವಿನ ತಿರುವು ಓವ್ಯುಲೇಶನ್, ಅಂದರೆ ಅಂಡಾಶಯದಿಂದ ಅಂಡಾಣು ಹೊರಬರುವ ದಿನ.

ಮೊದಲ ದಿನ ಅಂದರೆ ಸ್ರಾವ ಸರಿಯಾಗಿ ಶುರುವಾದ ದಿನ. ಆಗ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ತಳದಲ್ಲಿರುತ್ತವೆ. ಮುಂದೆ ಈಸ್ಟ್ರೋಜನ್ ನಿಧಾನವಾಗಿ ಏರುತ್ತಾ ಹೋಗಿ, ಓವ್ಯುಲೇಶನ್‌ಗೆ ಸ್ವಲ್ಪ ಮುಂಚೆ ತುದಿ ಮುಟ್ಟುತ್ತದೆ. ಅದರ ಬೆನ್ನಿಗೇ ಎಲ್‌ಎಚ್ ಅನ್ನುವ ಹಾರ್ಮೋನು ಒಮ್ಮೆಲೇ ಜಿಗಿಯುತ್ತದೆ. ಹೀಗೆ ಏರಲು ಶುರುವಾದ ಸುಮಾರು ಒಂದೂವರೆ ದಿನದೊಳಗೆ ಅಂಡಾಣು ಹೊರಬರುತ್ತದೆ. ಅಂಡಾಣು ಬಿಟ್ಟುಹೋದ ಕೋಶ ಆಮೇಲೆ ಪ್ರೊಜೆಸ್ಟರಾನ್ ತಯಾರಿಸಲು ಶುರುಮಾಡುತ್ತದೆ. ಸುಮಾರು ಒಂದು ವಾರಕ್ಕೆ ಅದು ಗರಿಷ್ಠ ಮಟ್ಟಕ್ಕೆ ಬರುತ್ತದೆ. ಗರ್ಭ ನಿಲ್ಲದಿದ್ದರೆ ಆ ಕೋಶ ಬಾಡಿಹೋಗಿ, ಎರಡೂ ಹಾರ್ಮೋನು ಕುಸಿದು, ಮತ್ತೆ ಸ್ರಾವ ಬರುತ್ತದೆ.

ಎಲ್ಲರ ಚಕ್ರವೂ 28 ದಿನ, ಓವ್ಯುಲೇಶನ್ 14ನೇ ದಿನ ಅನ್ನುವ ಪಾಠ ಇಲ್ಲಿ ಕೈಕೊಡುತ್ತದೆ. ಒಂದು ಆ್ಯಪ್ ಬಳಸುವ ಮಹಿಳೆಯರ 6 ಲಕ್ಷಕ್ಕೂ ಹೆಚ್ಚು ಚಕ್ರಗಳನ್ನು ಲೆಕ್ಕ ಹಾಕಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಕ್ರದ ಸರಾಸರಿ ಉದ್ದ 29.3 ದಿನ. ಮೊದಲ ಭಾಗ ಸರಾಸರಿ 16.9 ದಿನ, ಎರಡನೇ ಭಾಗ 12.4 ದಿನ. ಚಕ್ರ ಉದ್ದವಾಗುವುದು, ಗಿಡ್ಡವಾಗುವುದು ಹೆಚ್ಚಾಗಿ ಮೊದಲ ಭಾಗದಲ್ಲೇ. ಜ್ವರ, ಪ್ರಯಾಣ, ಪರೀಕ್ಷೆ, ನಿದ್ದೆಗೇಡು, ಊಟ ಕಡಿಮೆಯಾಗುವುದು, ಯಾವುದೇ ಕಾರಣಕ್ಕೆ ಓವ್ಯುಲೇಶನ್ ಮುಂದಕ್ಕೆ ಹೋಗಬಹುದು. ಎರಡನೇ ಭಾಗ ಒಬ್ಬರಲ್ಲಿ ಅಷ್ಟಾಗಿ ಏರುಪೇರಾಗುವುದಿಲ್ಲ. ಹಾಗಾಗಿ ಮುಟ್ಟಿನಿಂದ ಮುಂದಕ್ಕೆ ಎಣಿಸಿ "ಈವತ್ತು 16ನೇ ದಿನ, ಎರಡನೇ ಭಾಗ ಶುರುವಾಗಿದೆ" ಅನ್ನುವುದು ಬರೀ ಊಹೆ. ನಿಮಗೆ ಓವ್ಯುಲೇಶನ್ ಇನ್ನೂ ಆಗಿರದೇ ಇರಬಹುದು.

ಪ್ರೊಜೆಸ್ಟರಾನ್ ಏರಿದಾಗ ಮೈಯಲ್ಲಿ ಏನಾಗುತ್ತದೆ

ಪ್ರೊಜೆಸ್ಟರಾನ್ ಮೆದುಳಿನ ಮೇಲೆ ಕೆಲಸ ಮಾಡಿ, ದೇಹ ಕಾಪಾಡಿಕೊಳ್ಳುವ ತಾಪಮಾನವನ್ನೇ ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅಳೆದರೆ ಓವ್ಯುಲೇಶನ್ ಆದ ಮೇಲೆ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬರುತ್ತದೆ. ಇಷ್ಟು ಚಿಕ್ಕ ಅಂಕಿಯಿಂದ ಏನಾದೀತು ಅನ್ನಿಸಬಹುದು. ಆದರೆ ಅದರ ಜೊತೆ ಇನ್ನೊಂದು ಬದಲಾವಣೆಯೂ ಬರುತ್ತದೆ. ಬೆವರು ಶುರುವಾಗುವ ಮಟ್ಟವೂ ಮೇಲಕ್ಕೆ ಹೋಗುತ್ತದೆ. ಚರ್ಮಕ್ಕೆ ರಕ್ತ ನುಗ್ಗಿ ಬಿಸಿ ಹೊರಹಾಕುವ ಕೆಲಸವೂ ತಡವಾಗಿ ಶುರುವಾಗುತ್ತದೆ. ಓಟದ ಆರಂಭದಲ್ಲೇ ಮೈ ಬಿಸಿಯಾಗಿದೆ, ತಂಪಾಗುವ ವ್ಯವಸ್ಥೆ ಇನ್ನೂ ಏಳುತ್ತಿದೆ.

ತಂಪಾದ ಹೊತ್ತಲ್ಲಿ ಇಪ್ಪತ್ತು ನಿಮಿಷ ಓಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗಾಳಿಯಾಡದ ಸೆಕೆಯಲ್ಲಿ ಒಂದು ಗಂಟೆ ಮೀರಿ ಓಡುವವರಿಗೆ, ಸೈಕಲ್ ತುಳಿಯುವವರಿಗೆ ಗೊತ್ತಾಗುವ ಸಾಧ್ಯತೆ ಹೆಚ್ಚು. ಬಿಸಿ ಹೊರಹಾಕಲು ಹೃದಯ ಚರ್ಮಕ್ಕೂ ರಕ್ತ ಕೊಡಬೇಕು, ಓಡುವ ಕಾಲಿಗೂ ಕೊಡಬೇಕು. ಹೊತ್ತು ಕಳೆದಂತೆ ಬಡಿತ ಏರುತ್ತಾ ಹೋಗುತ್ತದೆ. ವೇಗ ಅಷ್ಟೇ ಇದ್ದರೂ ಕೊನೆಯ ಎರಡು ಕಿಲೋಮೀಟರ್ ಬೆಟ್ಟ ಹತ್ತಿದಂತೆ ಅನ್ನಿಸುವುದು ಇದರಿಂದ.

ಎರಡನೆಯದು ಉಸಿರು. ಪ್ರೊಜೆಸ್ಟರಾನ್ ಮೆದುಳಿನ ಉಸಿರಾಟದ ಕೇಂದ್ರವನ್ನು ಚುರುಕು ಮಾಡುತ್ತದೆ. ಸುಮ್ನೆ ಕೂತಾಗಲೂ ಗಾಳಿ ಸ್ವಲ್ಪ ಜಾಸ್ತಿ ಓಡಾಡುತ್ತದೆ. ಬಸುರಿಯರಿಗೆ ಮೊದಲ ತಿಂಗಳುಗಳಲ್ಲೇ ಉಸಿರು ಕಟ್ಟಿದಂತೆ ಅನ್ನಿಸುವುದಕ್ಕೂ ಇದೇ ಹಾರ್ಮೋನು ಒಂದು ಕಾರಣ, ಅಲ್ಲಿ ಅದರ ಪ್ರಮಾಣ ಬಹಳ ಹೆಚ್ಚು. ಓಡುವಾಗ ನಮಗೆ ಕಷ್ಟದ ಅಂದಾಜು ಸಿಗುವುದು ಬಹಳ ಮಟ್ಟಿಗೆ ಉಸಿರಿನಿಂದಲೇ ಅಲ್ವಾ? ಉಸಿರು ಜೋರಾದರೆ ಕೆಲಸ ಜೋರಾಗಿದೆ ಅಂತ ಮನಸ್ಸು ಓದಿಕೊಳ್ಳುತ್ತದೆ. ಸ್ನಾಯುಗಳು ಮಾಡುತ್ತಿರುವ ಕೆಲಸ ಮಾತ್ರ ಬದಲಾಗಿರುವುದಿಲ್ಲ.

ಮೂರನೆಯದು ವಿಶ್ರಾಂತಿಯಲ್ಲಿರುವಾಗಿನ ಹಾರ್ಟ್‌ರೇಟ್. ಎರಡನೇ ಭಾಗದಲ್ಲಿ ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಬಡಿತ ಮೇಲಿರುತ್ತದೆ. ಬಡಿತಗಳ ನಡುವಿನ ಅಂತರದ ಏರಿಳಿತ, ಅಂದರೆ ವಾಚ್‌ಗಳು ಎಚ್‌ಆರ್‌ವಿ ಎಂದು ತೋರಿಸುವ ಅಂಕಿ, ಸ್ವಲ್ಪ ಇಳಿಯುತ್ತದೆ. ಈ ಅಂಕಿಗಳಿಂದ ಆಗುವ ಗೊಂದಲದ ಬಗ್ಗೆ ಮುಂದೆ ಹೇಳುತ್ತೇನೆ.

ಇಂಧನದ ವಿಷಯದಲ್ಲೂ ಒಂದು ಸಣ್ಣ ತಿರುವಿದೆ. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ, ಎರಡನೇ ಭಾಗದಲ್ಲಿ ದೇಹ ಸಕ್ಕರೆಯನ್ನು ಸ್ವಲ್ಪ ಹಿಡಿದಿಟ್ಟುಕೊಂಡು ಕೊಬ್ಬನ್ನು ಕೊಂಚ ಹೆಚ್ಚು ಸುಡುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಕೊಬ್ಬು ಕರಗುತ್ತದೆ ಅಂತ ಖುಷಿಪಡುವಷ್ಟು ದೊಡ್ಡ ವ್ಯತ್ಯಾಸ ಅಲ್ಲ. ಜೋರಾದ ಓಟಕ್ಕೆ ಬೇಗ ಸಿಗುವ ಸಕ್ಕರೆಯೇ ಬೇಕು, ಕೊಬ್ಬಿನಿಂದ ಅಷ್ಟು ಬೇಗ ಶಕ್ತಿ ಬರುವುದಿಲ್ಲ. ವ್ಯಾಯಾಮಕ್ಕೆ ಮುಂಚೆ ಅಥವಾ ನಡುವೆ ಪಿಷ್ಟ ಇಲ್ಲವೇ ಸಕ್ಕರೆ ಇರುವ ಏನನ್ನಾದರೂ ತಿಂದರೆ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದ್ದರಿಂದ ಬೆಳಗ್ಗೆ ಏನೂ ತಿನ್ನದೆ ಉದ್ದ ಓಟಕ್ಕೆ ಹೋಗುವ ಅಭ್ಯಾಸ ಇದ್ದವರು ಈ ದಿನಗಳಲ್ಲಾದರೂ ಅದನ್ನು ಬಿಡುವುದು ಒಳ್ಳೆಯದು. ಇದೇ ಹೊತ್ತಿಗೆ ಹಸಿವು ಸ್ವಲ್ಪ ಹೆಚ್ಚುವುದೂ ಸಹಜ. ಕೂತಲ್ಲೇ ಖರ್ಚಾಗುವ ಶಕ್ತಿಯೂ ಒಂದಿಷ್ಟು ಏರುತ್ತದೆ. ಅದನ್ನು ಬಾಯಿಚಪಲ ಅಂತ ಬೈದುಕೊಂಡು ಊಟ ಕಡಿಮೆ ಮಾಡಿದರೆ ಸುಸ್ತು ಇನ್ನೂ ಹೆಚ್ಚುತ್ತದೆ.

ಬಲ ಇಳಿಯುತ್ತದಾ?

ಇಷ್ಟೆಲ್ಲ ಓದಿದ ಮೇಲೆ ಬಲವೂ ಇಳಿಯಬೇಕು ಅನ್ನಿಸುತ್ತದೆ. ಆದರೆ ಅಳೆದು ನೋಡಿದವರಿಗೆ ಹಾಗೆ ಕಂಡಿಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆ 78 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ಕೂದಲೆಳೆಯಷ್ಟು ಕಡಿಮೆ ಇರಬಹುದು ಅನ್ನುವುದು ಅವರಿಗೆ ಸಿಕ್ಕಿದ್ದು. ಅದಕ್ಕಿಂತ ಮುಖ್ಯವಾಗಿ, ಆ ಅಧ್ಯಯನಗಳಲ್ಲಿ ಬಹುಪಾಲಿನ ಗುಣಮಟ್ಟ ಚೆನ್ನಾಗಿಲ್ಲ, ಒಬ್ಬೊಬ್ಬರಿಗೂ ವ್ಯತ್ಯಾಸ ಬಹಳ, ಎಲ್ಲರಿಗೂ ಒಂದೇ ಸಲಹೆ ಕೊಡಲಾಗದು ಎಂದು ಅವರೇ ಬರೆದರು. ಚಾರ್ಟ್‌ಗಳಲ್ಲಿ ಈ ಭಾಗ ಯಾವತ್ತೂ ಕಾಣುವುದಿಲ್ಲ.

ಗುಣಮಟ್ಟದ ತೊಂದರೆ ಏನೆಂದರೆ, ಹಳೆಯ ಅಧ್ಯಯನಗಳಲ್ಲಿ ಹಲವು ಬರೀ ದಿನ ಎಣಿಸಿ ಹಂತ ನಿರ್ಧರಿಸಿದ್ದವು. ರಕ್ತದಲ್ಲಿ ಪ್ರೊಜೆಸ್ಟರಾನ್ ನಿಜವಾಗಿ ಏರಿದೆಯಾ ಎಂದು ನೋಡಿರಲಿಲ್ಲ. ಹಾಗೆ ಮಾಡಿದರೆ ಮೊದಲ ಭಾಗದಲ್ಲಿರುವವರೂ ಎರಡನೇ ಭಾಗದ ಪಟ್ಟಿಗೆ ಸೇರಿಹೋಗುತ್ತಾರೆ.

ಭಾರ ಎತ್ತುವ ವ್ಯಾಯಾಮದ ಮಟ್ಟಿಗೆ ಈಚಿನ ಎಚ್ಚರಿಕೆಯ ಕೆಲಸಗಳು ಇನ್ನೂ ಸ್ಪಷ್ಟವಾಗಿವೆ. ವ್ಯಾಯಾಮದ ನಂತರ ಸ್ನಾಯು ಹೊಸ ಪ್ರೋಟೀನು ಕಟ್ಟುವ ವೇಗ ಎರಡೂ ಭಾಗಗಳಲ್ಲಿ ಒಂದೇ ಥರ ಇದೆ. ಎರಡನೇ ಭಾಗದಲ್ಲಿ ಭಾರ ಎತ್ತಿದರೆ ಸ್ನಾಯು ಬೆಳೆಯುವುದಿಲ್ಲ ಎನ್ನುವ ಮಾತಿಗೆ ಆಧಾರವಿಲ್ಲ. ತಿಂಗಳ ಅರ್ಧದಷ್ಟು ದಿನ ಹಗುರ ಭಾರ ಹಿಡಿದವರು ಆರು ತಿಂಗಳಿಗೆ ಎಷ್ಟು ತರಬೇತಿ ಕಳೆದುಕೊಳ್ಳುತ್ತಾರೆ, ನೀವೇ ಲೆಕ್ಕ ಹಾಕಿ. ಈ ಚಾರ್ಟ್‌ಗಳ ಮೇಲೆ ನನಗಿರುವ ದೊಡ್ಡ ತಕರಾರು ಇದು.

ನಿಜವಾಗಿ ಕಷ್ಟದ ನಾಲ್ಕೈದು ದಿನ

ಹಾಗಾದರೆ ಎಲ್ಲಿ ಕೈ ಬಿಗಿಹಿಡಿಯಬೇಕು? ಹೆಚ್ಚಿನವರಿಗೆ ಅದು ಮುಟ್ಟಿಗೆ ಮುಂಚಿನ ಎರಡು ಮೂರು ದಿನ ಮತ್ತು ಮುಟ್ಟಿನ ಮೊದಲ ಒಂದೆರಡು ದಿನ. ಹಾರ್ಮೋನು ಏರಿ ನಿಂತಾಗಿನ ಕಷ್ಟಕ್ಕಿಂತ ಇಳಿಯುವಾಗಿನ ಕಷ್ಟ ಹೆಚ್ಚು.

ಪ್ರೊಜೆಸ್ಟರಾನ್ ಒಡೆದು ಆಗುವ ಒಂದು ವಸ್ತು ಮೆದುಳನ್ನು ಶಾಂತವಾಗಿಡುವ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ. ಅದರ ಏರಿಳಿತಕ್ಕೆ ಕೆಲವರ ಮೆದುಳು ತೀಕ್ಷ್ಣವಾಗಿ ಸ್ಪಂದಿಸುತ್ತದೆ. ಅವರಲ್ಲಿ ಹಾರ್ಮೋನಿನ ಪ್ರಮಾಣ ಬೇರೆ ಹೆಂಗಸರಿಗಿಂತ ಹೆಚ್ಚು ಕಡಿಮೆ ಏನೂ ಇರುವುದಿಲ್ಲ. ಸಿಡುಕು, ಅಳು, ನಿದ್ದೆ ಮಧ್ಯೆ ಎಚ್ಚರವಾಗುವುದು, ಎದೆ ಭಾರ, ಹೊಟ್ಟೆ ಉಬ್ಬರ ಎಲ್ಲ ಈ ದಿನಗಳಲ್ಲಿ ಬರುತ್ತವೆ. ಇದರಲ್ಲಿ ವ್ಯಾಯಾಮಕ್ಕೆ ಹೆಚ್ಚು ಪೆಟ್ಟು ಕೊಡುವುದು ನಿದ್ದೆ. ಎರಡು ರಾತ್ರಿ ಸರಿಯಾಗಿ ಮಲಗದಿದ್ದರೆ ಯಾವ ಹಂತದಲ್ಲಿದ್ದರೂ ಓಟ ಭಾರವೇ.

ಸ್ರಾವ ಶುರುವಾದ ಮೇಲೆ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳ ಸರದಿ. ಗರ್ಭಕೋಶದ ಒಳಪದರ ಕಳಚುವಾಗ ಇವು ಹೊರಬಂದು ಗರ್ಭಕೋಶವನ್ನು ಬಿಗಿಯಾಗಿ ಹಿಂಡುತ್ತವೆ. ಕಿಬ್ಬೊಟ್ಟೆಯ ಸೆಳೆತ ಬರುವುದು ಇದರಿಂದಲೇ. ಪಕ್ಕದಲ್ಲೇ ಕರುಳಿರುವುದರಿಂದ ಕೆಲವರಿಗೆ ಮೊದಲ ದಿನ ಭೇದಿಯೂ ಆಗುತ್ತದೆ, ವಾಕರಿಕೆ, ಸೊಂಟನೋವು ಬರುತ್ತವೆ. ಐಬುಪ್ರೊಫೇನ್ ಥರದ ಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ, ಆದ್ದರಿಂದ ನೋವು ಶುರುವಾಗುವಾಗಲೇ ತೆಗೆದುಕೊಂಡರೆ ಹೆಚ್ಚು ಉಪಯೋಗ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅವನ್ನು ನುಂಗಿ ಬಿಸಿಲಲ್ಲಿ ನೀರಿಲ್ಲದೆ ಉದ್ದ ಓಡುವುದು ಕಿಡ್ನಿಗೆ ಯಾರಿಗೂ ಒಳ್ಳೆಯದಲ್ಲ.

ಇಲ್ಲೂ ಎಲ್ಲರಿಗೂ ಒಂದೇ ಮಾತು ಹೇಳಲಾಗುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ ರಿಲೇ ಮುಗಿದ ಮೇಲೆ ಕ್ಯಾಮೆರಾ ಮುಂದೆಯೇ ತನಗೆ ಹಿಂದಿನ ದಿನ ಮುಟ್ಟಾಯಿತು, ತುಂಬಾ ಸುಸ್ತಿತ್ತು ಎಂದು ಹೇಳಿದರು. ತಂಡ ನಾಲ್ಕನೇ ಸ್ಥಾನಕ್ಕೆ ಬಂದಿತ್ತು. ಬ್ರಿಟನ್ನಿನ ಪೌಲಾ ರ್‍ಯಾಡ್‌ಕ್ಲಿಫ್ 2002ರ ಷಿಕಾಗೊ ಮ್ಯಾರಥಾನ್‌ನಲ್ಲಿ ಮುಟ್ಟಿನ ಸೆಳೆತ ಅನುಭವಿಸುತ್ತಲೇ 2 ಗಂಟೆ 17 ನಿಮಿಷ 18 ಸೆಕೆಂಡಿನಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಬರೆದರು. ಇಬ್ಬರ ಮಾತೂ ನಿಜ. ಮೊದಲ ದಿನವೇ ಹೊಸ ದಾಖಲೆ ಸಾಧ್ಯ, ಮೊದಲ ದಿನ ಹಾಸಿಗೆಯಿಂದ ಏಳಲಾಗದೆ ಇರುವುದೂ ಸಾಧ್ಯ.

ವಾಚ್ ಹೇಳುವ ಚೇತರಿಕೆಯ ಅಂಕಿ

ಈಗ ಬಹಳ ಜನ ವಾಚ್ ಅಥವಾ ಉಂಗುರ ಹಾಕಿಕೊಂಡು ಮಲಗುತ್ತಾರೆ. ಬೆಳಗ್ಗೆ ಅದು "ನೀವಿನ್ನೂ ಚೇತರಿಸಿಕೊಂಡಿಲ್ಲ" ಅನ್ನುತ್ತದೆ. ಆ ತೀರ್ಮಾನಕ್ಕೆ ಅದು ನೋಡುವುದು ರಾತ್ರಿಯ ಹಾರ್ಟ್‌ರೇಟ್, ಎಚ್‌ಆರ್‌ವಿ, ಚರ್ಮದ ತಾಪಮಾನ, ನಿದ್ದೆ ಇಂಥವನ್ನೇ. ಓವ್ಯುಲೇಶನ್ ಆದ ಮೇಲೆ ಇವೆಲ್ಲವೂ ಚಕ್ರದ ಕಾರಣಕ್ಕೇ ಸರಿದಿರುತ್ತವೆ. ಚಕ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಲೆಕ್ಕಾಚಾರ ಅದನ್ನು ದಣಿವು ಎಂದೇ ಓದುತ್ತದೆ. ಹತ್ತು ಹನ್ನೆರಡು ದಿನ ಹಳದಿ, ಕೆಂಪು ಬಣ್ಣ ನೋಡಿ ನೋಡಿ, ನಿಜವಾಗಿ ಚೆನ್ನಾಗಿರುವವರೂ ದಣಿದಿದ್ದೇನೆ ಅಂದುಕೊಳ್ಳುತ್ತಾರೆ.

ಇದಕ್ಕೆ ಸುಲಭದ ದಾರಿಯಿದೆ. ಈ ತಿಂಗಳ ಎರಡನೇ ಭಾಗವನ್ನು ಹೋದ ತಿಂಗಳ ಎರಡನೇ ಭಾಗದ ಜೊತೆ ಹೋಲಿಸಿ, ಹೋದ ವಾರದ ಜೊತೆ ಬೇಡ. ಮೊದಲ ಭಾಗವನ್ನು ಮೊದಲ ಭಾಗದ ಜೊತೆ. ಓವ್ಯುಲೇಶನ್ ನಂತರ ಮೂರು ಬಡಿತ ಏರಿ, ಹನ್ನೆರಡು ದಿನ ಅಲ್ಲೇ ನಿಂತು, ಸ್ರಾವ ಬಂದ ಮೇಲೆ ಕೆಲವು ದಿನದಲ್ಲಿ ಇಳಿದರೆ ಅದು ಚಕ್ರ. ಒಂದೇ ರಾತ್ರಿಗೆ ಏಳೆಂಟು ಬಡಿತ ಜಿಗಿದರೆ ಸೋಂಕು, ಮದ್ಯ ಇಲ್ಲವೇ ತೀರಾ ಕೆಟ್ಟ ನಿದ್ದೆಯನ್ನು ಅನುಮಾನಿಸಬೇಕು. ಮುಟ್ಟು ಬಂದು ಐದಾರು ದಿನವಾದರೂ ಇಳಿಯದಿದ್ದರೆ ದಣಿವಿಗೆ ಬೇರೆ ಕಾರಣ ಹುಡುಕಬೇಕು.

ಸ್ನಾಯುನೋವಿನ ವಿಷಯ ಸ್ವಲ್ಪ ಬೇರೆ. ಜೋರಾದ ವ್ಯಾಯಾಮದ ಮಾರನೇ ದಿನ ಬರುವ ನೋವು ಎರಡೂ ಹಾರ್ಮೋನು ತಳದಲ್ಲಿರುವ ಮುಟ್ಟಿನ ದಿನಗಳಲ್ಲಿ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಹಾಗಾಗಿ ಹೊಸ ಥರದ ವ್ಯಾಯಾಮ ಅಥವಾ ಇಳಿಜಾರಿನ ಉದ್ದ ಓಟವನ್ನು ಮೊಟ್ಟಮೊದಲ ಸಲ ಮಾಡುವುದಿದ್ದರೆ ಆ ಎರಡು ದಿನ ಬಿಟ್ಟರೆ ಒಳ್ಳೆಯದು. ರೂಢಿಯಾದ ವ್ಯಾಯಾಮಕ್ಕೆ ಇಷ್ಟು ಯೋಚಿಸಬೇಕಿಲ್ಲ.

ಮೂರು ಚಕ್ರದ ಲೆಕ್ಕ

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ವಿಷಯ ತಿಳಿಯಲೆಂದು ನಾನೇ ಹಾಕಿಕೊಂಡವು, ಆದರೆ ಇಂಥ ಲೆಕ್ಕದ ಪುಸ್ತಕ ಹೀಗೇ ಇರುತ್ತದೆ. ವಾರಕ್ಕೆ ನಾಲ್ಕು ಸಲ ಓಡುವ, ಎರಡು ಸಲ ಭಾರ ಎತ್ತುವ ಒಬ್ಬ ಹೆಂಗಸು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿಲ್ಲ. ಅವಳು ಬರೆದಿಡುವುದು ನಾಲ್ಕೇ ವಿಷಯ. ಏಳುವ ಮುಂಚೆ ಹಾಸಿಗೆಯಲ್ಲೇ ಅಳೆದ ತಾಪಮಾನ, ವಿಶ್ರಾಂತಿಯ ಹಾರ್ಟ್‌ರೇಟ್, ನಿದ್ದೆ ಹೇಗಿತ್ತು, ಮತ್ತು ಒಂದೇ ದಾರಿಯ 6 ಕಿಲೋಮೀಟರ್ ಓಟ ಹತ್ತಕ್ಕೆ ಎಷ್ಟು ಕಷ್ಟ ಅನ್ನಿಸಿತು ಅನ್ನುವುದು. ಆ ಓಟದ ವೇಗ ಯಾವಾಗಲೂ ಕಿಲೋಮೀಟರಿಗೆ 7 ನಿಮಿಷ. ಚಕ್ರದ ಎಷ್ಟನೇ ದಿನ ಎಂದು ನೋಡುವ ಮುಂಚೆಯೇ ಕಷ್ಟದ ಅಂಕಿ ಬರೆಯುತ್ತಾಳೆ. ಇದು ಬಹಳ ಮುಖ್ಯ. ಈವತ್ತು ಕೆಟ್ಟ ದಿನ ಅಂತ ಮೊದಲೇ ಓದಿದರೆ, ಓಟವೂ ಕೆಟ್ಟದಾಗಿಯೇ ಅನ್ನಿಸುತ್ತದೆ.

ಮೊದಲ ಚಕ್ರ 31 ದಿನ. ಮೂತ್ರದಲ್ಲಿ ಎಲ್‌ಎಚ್ ನೋಡುವ ಪಟ್ಟಿ 17ನೇ ದಿನ ಪಾಸಿಟಿವ್ ಬಂತು. ಅಲ್ಲಿಯವರೆಗೆ 36.4 ಡಿಗ್ರಿ ಸುತ್ತ ಇದ್ದ ತಾಪಮಾನ 19ನೇ ದಿನದಿಂದ 36.7ಕ್ಕೆ ಏರಿ ನಿಂತಿತು. ಒಂದು ದಿನದ ಏರಿಕೆಯನ್ನು ಅವಳು ನಂಬುವುದಿಲ್ಲ. ಹಿಂದಿನ ಆರು ದಿನಗಳಿಗಿಂತ ಕನಿಷ್ಠ 0.2 ಡಿಗ್ರಿ ಜಾಸ್ತಿ, ಅದೂ ಸತತ ಮೂರು ದಿನ ಇದ್ದರೆ ಮಾತ್ರ ಓವ್ಯುಲೇಶನ್ ಆಗಿದೆ ಎಂದು ಲೆಕ್ಕ. ಹಾಗಾಗಿ ಎರಡನೇ ಭಾಗ 19ರಿಂದ 31, ಹದಿಮೂರು ದಿನ. ವಿಶ್ರಾಂತಿಯ ಹಾರ್ಟ್‌ರೇಟ್ 58 ಇದ್ದದ್ದು 61 ಆಯಿತು. ಓಟದ ಸರಾಸರಿ 142ರಿಂದ 147ಕ್ಕೆ ಹೋಯಿತು. ಕಷ್ಟದ ಅಂಕಿ 4ರಿಂದ 5ಕ್ಕೆ. ಕೊನೆಯ ಮೂರು ದಿನ ನಿದ್ದೆ ಕೆಟ್ಟಿತು, ಅಂಕಿ 6 ಆಯಿತು. ಮುಟ್ಟಿನ ಮೊದಲ ದಿನ ಸೆಳೆತ, ಓಡಲಿಲ್ಲ. ಮೂರನೇ ದಿನ ಓಡಿದಾಗ 143 ಬಡಿತ, ಕಷ್ಟ 4.

ಎರಡನೇ ಚಕ್ರ 35 ದಿನ. ಎರಡನೇ ವಾರದಲ್ಲಿ ಜ್ವರ ಬಂದಿತ್ತು, ಮೂರು ದಿನ ವಿಶ್ರಾಂತಿಯ ಹಾರ್ಟ್‌ರೇಟ್ 66ರ ಮೇಲಿತ್ತು, ಆಮೇಲೆ ಇಳಿಯಿತು. ಓವ್ಯುಲೇಶನ್ ಮುಂದಕ್ಕೆ ಹೋಯಿತು. ತಾಪಮಾನ ಏರಿದ್ದು 23ನೇ ದಿನ. ಇಲ್ಲೂ ಎರಡನೇ ಭಾಗ ಹದಿಮೂರೇ ದಿನ. ಕಷ್ಟ 6 ಆದದ್ದು 33, 34, 35ನೇ ದಿನ. ಚಾರ್ಟ್ ಪ್ರಕಾರ ನಡೆದಿದ್ದರೆ ಅವಳು 15ನೇ ದಿನದಿಂದಲೇ ನಿಧಾನ ಮಾಡುತ್ತಿದ್ದಳು. 15ರಿಂದ 22ರವರೆಗೆ ಎಂಟು ದಿನ ಅವಳ ಓಟ 4ರ ಮಟ್ಟದಲ್ಲಿ ಹಗುರವಾಗಿತ್ತು. ಆ ಎಂಟು ದಿನ ಸುಮ್ಮನೆ ವ್ಯರ್ಥವಾಗುತ್ತಿದ್ದವು.

ಮೂರನೇ ಚಕ್ರ 30 ದಿನ, ತಾಪಮಾನ ಏರಿದ್ದು 19ಕ್ಕೆ, ಎರಡನೇ ಭಾಗ ಹನ್ನೆರಡು ದಿನ. ಮತ್ತೆ ಕೊನೆಯ ಮೂರು ದಿನವೇ ಕಷ್ಟ. ಭಾರ ಎತ್ತುವುದರಲ್ಲಿ ಮೂರೂ ಚಕ್ರದಲ್ಲಿ ವ್ಯತ್ಯಾಸವಿಲ್ಲ. 60 ಕೆಜಿಯ ಡೆಡ್‌ಲಿಫ್ಟ್ ಐದು ಸಲ ಎತ್ತುವುದು ಎಲ್ಲ ವಾರವೂ ಆಯಿತು, ಕೊನೆಯ ದಿನಗಳಲ್ಲಿ ಎತ್ತುವ ಮನಸ್ಸು ಕಡಿಮೆ ಇತ್ತು ಅಷ್ಟೇ.

ಮೂರು ಚಕ್ರ ನೋಡಿದ ಮೇಲೆ ಅವಳು ಮಾಡುವ ಬದಲಾವಣೆ ಎರಡೇ. ತಾಪಮಾನ ಏರಿದ ದಿನದಿಂದ ಎಣಿಸಿ, ಹತ್ತನೇ ದಿನದ ನಂತರ ಜೋರಾದ ಇಂಟರ್ವಲ್ ಓಟ ಬಿದ್ದರೆ, ಅದನ್ನು ಎರಡು ದಿನ ಹಿಂದಕ್ಕೆ ಇಲ್ಲವೇ ಮುಟ್ಟಿನ ಮೂರನೇ ದಿನಕ್ಕೆ ತಳ್ಳುತ್ತಾಳೆ. ಆ ಜಾಗದಲ್ಲಿ ಸುಲಭದ ಓಟ ಇರುತ್ತದೆ. ಇನ್ನೊಂದು, ಎರಡನೇ ಭಾಗದಲ್ಲಿ ಸೆಕೆ ಹೆಚ್ಚಿದ್ದರೆ ಸುಲಭದ ಓಟವನ್ನು ವೇಗ ನೋಡಿ ಓಡುವುದಿಲ್ಲ, ಕಷ್ಟ 4 ದಾಟದಂತೆ ಓಡುತ್ತಾಳೆ. ಕಿಲೋಮೀಟರಿಗೆ 7 ನಿಮಿಷದ ಬದಲು ಏಳೂಕಾಲು ನಿಮಿಷ ಆಗಬಹುದು, ಆಗಲಿ. ಸುಲಭದ ಓಟದ ಉದ್ದೇಶ ಸುಲಭವಾಗಿರುವುದೇ. ಮಿಕ್ಕ ತರಬೇತಿಯನ್ನು ಅವಳು ಮುಟ್ಟುವುದಿಲ್ಲ. ಪಂದ್ಯ ಆ ದಿನಗಳಲ್ಲೇ ಬಿದ್ದರೆ ಓಡುತ್ತಾಳೆ, ಮುಂಚಿನ ರಾತ್ರಿಗಳ ನಿದ್ದೆಯನ್ನು ಮಾತ್ರ ಜೋಪಾನ ಮಾಡುತ್ತಾಳೆ.

ನಿಮ್ಮ ಪುಸ್ತಕದಲ್ಲಿ ಬೇರೆಯೇ ಚಿತ್ರ ಬರಬಹುದು. ಮೂರು ಚಕ್ರ ಬರೆದ ಮೇಲೂ ಯಾವ ಮಾದರಿಯೂ ಕಾಣದಿದ್ದರೆ ಅದೂ ಒಂದು ಉತ್ತರವೇ. ಚಕ್ರಕ್ಕಾಗಿ ನೀವು ಏನೂ ಬದಲಿಸಬೇಕಿಲ್ಲ.

ಈ ಲೆಕ್ಕ ನಡೆಯದ ಕಡೆ

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ. ಎರಡು ಹಾರ್ಮೋನು ಸೇರಿದ ಮಾತ್ರೆ ಓವ್ಯುಲೇಶನ್ನೇ ತಡೆಯುತ್ತದೆ. ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಬರುವ ಸ್ರಾವ ಹೊರಗಿನ ಹಾರ್ಮೋನು ನಿಂತದ್ದಕ್ಕೆ ಬರುವುದು. ಅದರಿಂದ ಹಂತ ಎಣಿಸುವುದಕ್ಕೆ ಅರ್ಥವಿಲ್ಲ. ಋತುಬಂಧ ಹತ್ತಿರವಾಗಿ ಚಕ್ರ ಏರುಪೇರಾದವರಿಗೆ, ಪಿಸಿಓಎಸ್ ಇರುವವರಿಗೂ ದಿನದ ಲೆಕ್ಕ ಹಿಡಿಯಲು ಸಿಗುವುದಿಲ್ಲ. ಅವರು ನಿದ್ದೆ, ನೋವು, ಕಷ್ಟದ ಅಂಕಿ ನೋಡಿ ನಡೆಯುವುದೇ ಸರಿ.

ಕೆಲವೊಮ್ಮೆ ಮುಟ್ಟು ಸಮಯಕ್ಕೆ ಸರಿಯಾಗಿ ಬರುತ್ತಿದ್ದರೂ ತಾಪಮಾನ ಏರುವುದೇ ಇಲ್ಲ. ಆ ತಿಂಗಳು ಓವ್ಯುಲೇಶನ್ ಆಗಿಲ್ಲದಿರಬಹುದು. ವರ್ಷಕ್ಕೊಮ್ಮೆ ಹೀಗಾದರೆ ಚಿಂತೆಯಿಲ್ಲ. ತರಬೇತಿ ಏರಿಸಿ ಊಟ ಏರಿಸದವರಲ್ಲಿ ಇದು ಪದೇ ಪದೇ ಆಗುತ್ತದೆ. ಮೊದಲು ಎರಡನೇ ಭಾಗ ಗಿಡ್ಡವಾಗುತ್ತದೆ, ಆಮೇಲೆ ಓವ್ಯುಲೇಶನ್ ತಪ್ಪುತ್ತದೆ, ಕೊನೆಗೆ ಮುಟ್ಟೇ ನಿಲ್ಲುತ್ತದೆ. ಮುಟ್ಟಿಲ್ಲದ ಕಾರಣ ತೊಂದರೆ ತಪ್ಪಿತು ಅಂತ ಕೆಲವು ಓಟಗಾರ್ತಿಯರು, ಅವರ ಕೋಚ್‌ಗಳೂ ನೆಮ್ಮದಿಪಡುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈಸ್ಟ್ರೋಜನ್ ಕಡಿಮೆಯಾದರೆ ಮೂಳೆ ಸವೆಯುತ್ತದೆ, ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ದೇಹಕ್ಕೆ ಸಾಲುವಷ್ಟು ಶಕ್ತಿ ಸಿಗದ ಈ ಸ್ಥಿತಿಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ರೆಡ್-ಎಸ್ ಎಂದು ಹೆಸರಿಟ್ಟರು. ಮೂರು ತಿಂಗಳು ಮುಟ್ಟು ಬರದಿದ್ದರೆ, ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಂಡು, ವೈದ್ಯರ ಹತ್ತಿರ ಹೋಗಲೇಬೇಕು.

ಕೊನೆಯದಾಗಿ ಕಬ್ಬಿಣ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುವುದರಿಂದ, ಅತಿಸ್ರಾವ ಇರುವವರು ಪ್ರತಿ ತಿಂಗಳು 40 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಯಾರೂ ಅಳೆದು ನೋಡುವುದಿಲ್ಲ. ಆದರೆ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ರಾತ್ರಿ ಅದಕ್ಕೆಂದೇ ಏಳಬೇಕಾದರೆ, ದೊಡ್ಡ ಗಡ್ಡೆಗಳು ಹೋಗುತ್ತಿದ್ದರೆ, ಏಳು ದಿನ ಮೀರಿ ಸ್ರಾವ ನಿಲ್ಲದಿದ್ದರೆ ಅನುಮಾನಿಸಬೇಕು. ಇಂಥವರ ಸುಸ್ತು ಹಂತ ನೋಡಿ ಬಂದು ಹೋಗುವುದಿಲ್ಲ, ತಿಂಗಳಿಡೀ ಇರುತ್ತದೆ. ಓಟದ ಅಂಕಿ ಚಕ್ರದ ಎಲ್ಲ ದಿನವೂ 6ರಲ್ಲೇ ಕೂತಿದ್ದರೆ ರಕ್ತಪರೀಕ್ಷೆ ಮಾಡಿಸಿ. ಆಗ ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ ಸಾಲದು, ಫೆರಿಟಿನ್ ಕೂಡ ನೋಡಲು ಹೇಳಿ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅನ್ನುವುದನ್ನು ಅದು ತೋರಿಸುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದಾಗಲೇ ಈ ಸಂಗ್ರಹ ಬರಿದಾಗಿ ದಣಿವು ಶುರುವಾಗಿರಬಹುದು.